ಹುಳಿ ರುಚಿಗಲ್ಲ: ಮಲೆನಾಡಿನ ಪತ್ರೊಡೆಯನ್ನು ಇಂಗ್ಲಿಷಿಗೆ ಬರೆಯುವುದು ಹೇಗೆ

ಪತ್ರೊಡೆ ಎಂದರೆ ಕೆಸುವಿನ ಎಲೆಗೆ ಮಸಾಲೆ ಹಾಕಿ ರುಬ್ಬಿದ ಅಕ್ಕಿಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ತಿಂಡಿ. ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನ ಪತ್ರೊಡೆಯನ್ನು ನಾನು ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಮೊದಲ ಸಲ ಬರೆದದ್ದನ್ನು ನೋಡಿ ಅಡುಗೆ ಮಾಡಿದವಳ ಗಂಟಲು ತುರಿಸಿತು. ಎರಡನೇ ಸಲ ಬರೆದದ್ದು ಸರಿಹೋಯಿತು. ಎರಡರ ನಡುವೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನೀವೂ ಮನೆಯ ಅಡುಗೆಯನ್ನು ಬೇರೆ ಭಾಷೆಯವರಿಗೆ ಬರೆದುಕೊಡುವ ಹಾಗಿದ್ದರೆ ಇದೇ ದಾರಿಯಲ್ಲಿ ಹೋಗಬಹುದು.

ಆದದ್ದು ಇಷ್ಟು. ದೊಡ್ಡಮ್ಮನ ಮೊಮ್ಮಗನ ಹೆಂಡತಿ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಮದುವೆಗೆ ಬಂದಾಗ ಜಡಿಮಳೆ. ಆಗ ಇಲ್ಲಿ ತಿಂದ ಪತ್ರೊಡೆ ಅವಳಿಗೆ ತುಂಬಾ ಹಿಡಿಸಿತ್ತು. ಊರಿಗೆ ಹೋದಮೇಲೆ ಬರೆದು ಕಳಿಸಿ ಎಂದಳು. ದೊಡ್ಡಮ್ಮ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಹುಣಸೆಹಣ್ಣು ಎಷ್ಟು ಅಂತ ಕೇಳಿದೆ. "ಹುಳಿಗೆ ಬೇಕಾದಷ್ಟು ಹಾಕಿದ್ರಾಯ್ತು" ಅಂದರು. ನಾನು ಸುಮ್ನೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ರುಚಿಗೆ ತಕ್ಕಷ್ಟು' ಎಂದು ಬರೆದೆ. ಆ ಹುಡುಗಿಗೆ ಹುಳಿ ಅಷ್ಟಾಗಿ ಸೇರುವುದಿಲ್ಲ. ಒಂದು ಚಮಚ ಹಾಕಿ ಬಿಟ್ಟಳು. ಇಂಗ್ಲಿಷ್ ಅಡುಗೆ ಪುಸ್ತಕ ಓದಿ ಬೆಳೆದವರಿಗೆ ರುಚಿಗೆ ತಕ್ಕಷ್ಟು ಎಂದರೆ ನಿಮಗೆ ಇಷ್ಟವಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ ಎಂದೇ ಅರ್ಥ. ಅವಳದ್ದು ತಪ್ಪಲ್ಲ.

ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟಿನವು. ಬಾಯಿ, ಗಂಟಲು ತುರಿಸುವುದು ಅದರಿಂದಲೇ. ನಮ್ಮ ಕಡೆ ಕೆಸುವಿನ ಯಾವ ಅಡುಗೆಯಾದರೂ ಹುಳಿ ಬೀಳದೆ ಇಳಿಯುವುದಿಲ್ಲ, ಬೇಯಿಸುವುದೂ ಜಾಸ್ತಿ ಹೊತ್ತು. ಪತ್ರೊಡೆಗೆ ಹುಳಿ ಹಾಕುವುದು ರುಚಿಗೂ ಹೌದು, ಆದರೆ ಮುಖ್ಯವಾಗಿ ತುರಿಕೆಗೆ. ದೊಡ್ಡಮ್ಮ ಅದನ್ನು ಹೇಳಲಿಲ್ಲ, ಯಾಕೆಂದರೆ ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗೊತ್ತೇ ಇರುತ್ತದೆ. ನಾನೂ ಕೇಳಲಿಲ್ಲ.

ಹಾಗಾಗಿ ಎರಡನೇ ಸಲ ಮೊದಲಿಂದಲೇ ಬೇರೆ ಥರ ಶುರು ಮಾಡಿದೆ.

ಒಂದು: ಕೇಳಿ ಬರೆಯಬೇಡಿ, ನೋಡಿ ತೂಗಿ

ಅಡುಗೆ ಚೆನ್ನಾಗಿ ಬರುವವರು ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ಹೋಲಿಕೆ ಇರುವುದಿಲ್ಲ. ದೊಡ್ಡಮ್ಮ "ಒಂದು ಚೂರು ಬೆಲ್ಲ" ಅಂತ ಹೇಳಿ ಹಾಕಿದ್ದು ನನ್ನ ಮುಷ್ಟಿಯಲ್ಲಿ ಅರ್ಧದಷ್ಟಿತ್ತು. ಆದ್ದರಿಂದ ಅವರು ಅಡುಗೆ ಮಾಡುವ ದಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇರಲಿ.

ಆದರೆ ಅವರು ಹಾಕುವ ಒಂದೊಂದನ್ನೂ ಕೈಯಿಂದ ಕಿತ್ತುಕೊಂಡು ತೂಗಲು ಹೋಗಬೇಡಿ. ಹಾಗೆ ಮಾಡಿದರೆ ಅವರ ಕೈ ತಪ್ಪುತ್ತದೆ, ಸಿಟ್ಟೂ ಬರುತ್ತದೆ. "ಎಂತ ತೂಗ್ತಾ ಕೂತ್ಕೊಂಡೆ ಮಾರಾಯ್ತಿ, ಅಕ್ಕಿ ನೆನೆದು ಹುಳಿ ಬರ್ತದೆ ಈಗ" ಎಂದು ನನಗೂ ಬೈಗುಳವಾಯಿತು. ಸುಲಭದ ದಾರಿ ಬೇರೆ ಇದೆ. ಪದಾರ್ಥ ಇರುವ ಡಬ್ಬಿಯನ್ನೇ ಮೊದಲು ತೂಗಿ ಇಡಿ. ಅವರು ತಮಗೆ ಬೇಕಾದಷ್ಟು ತೆಗೆದುಕೊಳ್ಳಲಿ. ಆಮೇಲೆ ಮತ್ತೆ ಡಬ್ಬಿ ತೂಗಿ. ಕಡಿಮೆಯಾದದ್ದೇ ಹಾಕಿದ್ದು. ಹುಣಸೆಹಣ್ಣಿನ ಭರಣಿ ಮೊದಲು 1,240 ಗ್ರಾಂ ಇತ್ತು, ಆಮೇಲೆ 1,202. ಅಂದರೆ 38 ಗ್ರಾಂ. ಉಪ್ಪು, ಬೆಲ್ಲ, ಕಾಯಿತುರಿ ಎಲ್ಲ ಹೀಗೇ ಸಿಕ್ಕಿತು. ದೊಡ್ಡಮ್ಮನ ಕೈ ಒಂದು ಸಲವೂ ನಿಲ್ಲಲಿಲ್ಲ.

ಒಂದೇ ದಿನ ತೂಗಿದರೆ ಸಾಲದು. ನಾನು ಮೂರು ಸಲ ತೂಗಿದೆ. ಹುಣಸೆಹಣ್ಣು 38, 35, 41 ಬಂತು. ಬೆಲ್ಲ 30ರಿಂದ 60ರವರೆಗೆ ಓಡಾಡಿತು. ಇದರಿಂದ ಒಂದು ವಿಷಯ ತಾನಾಗಿ ಗೊತ್ತಾಯಿತು. ಕೈ ಹೆಚ್ಚು ಕಡಿಮೆಯಾಗದ ಪದಾರ್ಥ ಅಡುಗೆಗೆ ಬೇಕೇಬೇಕಾದದ್ದು. ಓಡಾಡುವುದು ಅವತ್ತಿನ ನಾಲಿಗೆಗೆ ಬಿಟ್ಟದ್ದು. 'ರುಚಿಗೆ ತಕ್ಕಷ್ಟು' ಎಂಬ ಮಾತನ್ನು ನಾನು ಬೆಲ್ಲಕ್ಕೆ ಬರೆಯಬೇಕಿತ್ತು, ಹುಳಿಗೆ ಬರೆದಿದ್ದೆ.

ತೂಗುವಾಗ ಇನ್ನೊಂದು ಸಿಕ್ಕಿತು. ದೊಡ್ಡಮ್ಮನ ಹುಣಸೆಹಣ್ಣು ಮನೆಯಲ್ಲೇ ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಟ್ಟದ್ದು. ಅವರು ಹಿಟ್ಟಿಗೆ ಉಪ್ಪು ಕಡಿಮೆ ಹಾಕಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅಂಗಡಿಯ ಹುಣಸೆಹಣ್ಣು ಬಳಸುವವರಿಗೆ ಅದೇ ಅಳತೆ ಕೊಟ್ಟರೆ ಪತ್ರೊಡೆ ಸಪ್ಪೆ. ನಾನು ಉಪ್ಪನ್ನು 7 ಗ್ರಾಮಿನಿಂದ 10 ಗ್ರಾಮಿಗೆ ಏರಿಸಿ ಬರೆದೆ.

ಎರಡು: ಪ್ರತಿ ಪದಾರ್ಥದ ಮುಂದೆ ಅದರ ಕೆಲಸ ಬರೆದುಕೊಳ್ಳಿ

ಈ ಪಟ್ಟಿ ನಿಮಗಾಗಿ ಮಾತ್ರ, ಓದುವವರಿಗೆ ಕೊಡಬೇಕಿಲ್ಲ. ಆದರೆ ಇದಿಲ್ಲದೆ ಮುಂದೆ ಹೋಗಬೇಡಿ. ಆ ದೇಶದಲ್ಲಿ ಆ ಪದಾರ್ಥ ಸಿಗದಿದ್ದರೆ ಬದಲಿಗೆ ಏನು ಹೇಳಬೇಕು ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುವುದು. ನಿಘಂಟಿನಿಂದ ಗೊತ್ತಾಗುವುದಿಲ್ಲ.

ಹುಳಿಯ ಕೆಲಸ ತುರಿಕೆ ತಗ್ಗಿಸುವುದು ಅಂತಾಯಿತು. ಹಾಗಾದರೆ ಮಲೆನಾಡಿನ ಬೇರೆ ಹುಳಿಗಳೂ ಆ ಕೆಲಸ ಮಾಡುತ್ತವೆ. ವಾಟೆಹುಳಿ ಹಾಕುವ ಮನೆಗಳಿವೆ. ಅವಳಿಗೆ ಅದೆಲ್ಲ ಸಿಗುವುದಿಲ್ಲ, ಹುಣಸೆಹಣ್ಣು ಸಿಗುತ್ತದೆ. ಆದರೆ ಅಲ್ಲಿಯ ಅಂಗಡಿಯಲ್ಲಿ ಎರಡು ಥರ. ಒಂದು, ಪ್ಲಾಸ್ಟಿಕ್ ಸುತ್ತಿದ ಇಟ್ಟಿಗೆಯಂಥ ಗಟ್ಟಿ. ಇನ್ನೊಂದು, ಬಾಟಲಿಯಲ್ಲಿ ಬರುವ ಕಪ್ಪು ಗೊಜ್ಜಿನಂಥದ್ದು. ಬಾಟಲಿಯದ್ದು ಒಂದೊಂದು ಕಂಪನಿಯದ್ದು ಒಂದೊಂದು ಹುಳಿ, ಅಳತೆ ಹೇಳಲು ಬರುವುದಿಲ್ಲ. ಅದಕ್ಕೇ ಗಟ್ಟಿಯದ್ದನ್ನೇ ತೆಗೆದುಕೊಳ್ಳಿ ಎಂದು ಬರೆದೆ. ಅದರಲ್ಲಿ ನಾರು, ಬೀಜದ ಚೂರು ಇರುತ್ತವೆ. ದೊಡ್ಡಮ್ಮ ಹುಣಸೆಹಣ್ಣನ್ನು ನೇರ ಅಕ್ಕಿಯ ಜತೆ ರುಬ್ಬುತ್ತಾರೆ. ಇಲ್ಲಿ ಬಿಸಿನೀರಲ್ಲಿ ನೆನೆಸಿ, ಕಿವುಚಿ, ಸೋಸುವ ಒಂದು ಹೆಜ್ಜೆ ಸೇರಿಸಬೇಕಾಯಿತು. ಮೂಲದಲ್ಲಿ ಇಲ್ಲದ ಹೆಜ್ಜೆ ಸೇರಿಸುವುದು ತಪ್ಪಲ್ಲ, ಬಿಟ್ಟರೆ ತಪ್ಪು.

ಹಳೇ ಪುಸ್ತಕಗಳಲ್ಲಿ 'ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು' ಎಂದಿರುತ್ತದಲ್ಲ, ಅದನ್ನು ಹಾಗೇ ದಾಟಿಸಬೇಡಿ. ನಮ್ಮ ನಿಂಬೆ ಚಿಕ್ಕದು, ದುಂಡಗೆ ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಲೈಮ್ ಎನ್ನಬೇಕು. ನಾವು ಅಭ್ಯಾಸಬಲದಿಂದ ಲೆಮನ್ ಎಂದು ಬರೆದರೆ ಅವರ ಕಣ್ಣ ಮುಂದೆ ಬರುವುದು ಹಳದಿ ಬಣ್ಣದ, ನೂರು ಗ್ರಾಮಿಗೂ ಮೀರಿದ ದಪ್ಪ ಹಣ್ಣು. ಹುಳಿ ಮೂರು ಪಟ್ಟು. ಗ್ರಾಮಿನಲ್ಲಿ ಬರೆದುಬಿಟ್ಟರೆ ಈ ರಗಳೆಯೇ ಇಲ್ಲ.

ಈಗ ಎಲೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿ ತಪ್ಪಿದರೆ ಅಡುಗೆ ಕೆಡುವುದಷ್ಟೇ ಅಲ್ಲ, ಆರೋಗ್ಯವೂ ಕೆಡುತ್ತದೆ. ನಮ್ಮ ದೊಡ್ಡಮ್ಮ ಪತ್ರೊಡೆಗೆ ತರುವುದು ಮರಗೆಸು. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಬೆಳೆಯುವಂಥದ್ದು. ಅದು ಸಿಗದಿದ್ದರೆ ಹಿತ್ತಲಿನ ಕರಿದಂಟಿನ ಕೆಸು. ಮರಗೆಸು ಬೇರೆಯದೇ ಗಿಡ, ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗುವ ಮಾತಿಲ್ಲ. ಹಿತ್ತಲ ಕೆಸು ಸಿಗುತ್ತದೆ. ಇಂಗ್ಲಿಷಿನಲ್ಲಿ ಟ್ಯಾರೋ ಎನ್ನುತ್ತಾರೆ. ಆದರೆ ಅಂಗಡಿಯವನಿಗೆ ಟ್ಯಾರೋ ಎಂದರೆ ಗೆಡ್ಡೆ ಎತ್ತಿ ಕೊಡುತ್ತಾನೆ. ಹಾಗಾಗಿ ಗಿಡದ ಹೆಸರು ಬರೆದರೆ ಮುಗಿಯಲಿಲ್ಲ, ಅಂಗಡಿಯಲ್ಲಿ ಕೇಳುವ ಹೆಸರೂ ಬೇಕು. ಗುಜರಾತಿಗಳೂ ಇದೇ ಎಲೆಗೆ ಕಡಲೆಹಿಟ್ಟು ಸವರಿ ಪಾತ್ರಾ ಎಂಬ ತಿಂಡಿ ಮಾಡುತ್ತಾರೆ. ಅಲ್ಲಿ ಗುಜರಾತಿಗಳ ತರಕಾರಿ ಅಂಗಡಿಗೆ ಹೋಗಿ ಪಾತ್ರಾ ಎಲೆ ಎಂದು ಕೇಳಿದರೆ ಸಾಕು. ಮರಾಠಿಯವರ ಅಂಗಡಿಯಾದರೆ ಅಳು, ಹಿಂದಿಯವರಾದರೆ ಅರಬಿ ಎಲೆ. ಇವನ್ನೆಲ್ಲ ನಾನು ಪದಾರ್ಥದ ಹೆಸರಿನ ಪಕ್ಕದಲ್ಲೇ ಬರೆದೆ.

ಬರೆಯಬಾರದ ಹೆಸರೂ ಇದೆ. ಎಲಿಫೆಂಟ್ ಇಯರ್, ಆನೆಕಿವಿ. ಕೆಸುವಿನ ಎಲೆಗೆ ಆ ಹೆಸರಿರುವುದು ನಿಜ. ಆದರೆ ಅಂದಕ್ಕೆ ಬೆಳೆಸುವ, ತಿನ್ನಬಾರದ ಗಿಡಗಳನ್ನೂ ಅದೇ ಹೆಸರಲ್ಲಿ ನರ್ಸರಿಗಳು ಮಾರುತ್ತವೆ. ಅಡುಗೆಯ ಬರಹದಲ್ಲಿ ಆ ಪದ ಕಾಣಲೇಬಾರದು. 'ತರಕಾರಿ ಅಂಗಡಿಯಿಂದ ಮಾತ್ರ ತನ್ನಿ, ತೋಟದ ಗಿಡದಿಂದ ಕೀಳಬೇಡಿ' ಎಂದು ಒಂದು ಸಾಲು ಸೇರಿಸಿದೆ.

ಉಳಿದವು ಬೇಗ ಮುಗಿಯುತ್ತವೆ. ಅಕ್ಕಿಯ ಕೆಲಸ ಎಲೆಗಳನ್ನು ಹಿಡಿದಿಟ್ಟು, ಬೆಂದಮೇಲೆ ಗಟ್ಟಿಯಾಗಿ ಕತ್ತರಿಸಲು ಬರುವುದು. ಬೆಳ್ತಿಗೆ ಅಕ್ಕಿ ಯಾವುದಾದರೂ ಆಗುತ್ತದೆ, ಕುಚ್ಚಲಕ್ಕಿ ಬೇಡ. ಸೋನಾ ಮಸೂರಿ ಎಂದು ಬರೆದೆ, ಆ ಹೆಸರು ಅಲ್ಲಿಯ ಚೀಲದ ಮೇಲೂ ಇರುತ್ತದೆ. ಬ್ಯಾಡಗಿ ಮೆಣಸಿನ ಕೆಲಸ ಬಣ್ಣ ಜಾಸ್ತಿ, ಖಾರ ಕಡಿಮೆ. ಬದಲಿಗೆ ಕಾಶ್ಮೀರಿ ಮೆಣಸು ಆಗುತ್ತದೆ. ಬರೀ 'ಒಣಮೆಣಸು ಹತ್ತು' ಎಂದು ಬರೆದರೆ ಅವರು ಥಾಯ್ ಅಡುಗೆಯ ಚಿಕ್ಕ ಮೆಣಸು ಹತ್ತು ಹಾಕಿ ಕಣ್ಣೀರಿಡುತ್ತಾರೆ. ಕಾಯಿತುರಿಗೆ ಬದಲಿ ಫ್ರೀಜರಿನಲ್ಲಿ ಸಿಗುವ ಹಸಿ ತುರಿ. ಬೇಕರಿಯ ಒಣ ತುರಿ ಹಾಕಿದರೆ ಹಿಟ್ಟಿನ ನೀರನ್ನೆಲ್ಲ ಅದೇ ಕುಡಿಯುತ್ತದೆ.

ಬೆಲ್ಲದ ಬಗ್ಗೆ ಒಂದು ಮಾತು. ಈ ಅಡುಗೆಗೆ ಅಚ್ಚುಬೆಲ್ಲ, ತೊಂದರೆ ಇಲ್ಲ. ಆದರೆ ಸಾಗರದ ಕಡೆಯ ಜೋನಿಬೆಲ್ಲದ ಅಡುಗೆ ಬರೆಯುವವರು ಅದನ್ನು ಮೊಲಾಸಸ್ ಎಂದು ಬರೆಯುವುದನ್ನು ನೋಡಿದ್ದೇನೆ. ಎರಡೂ ಕಪ್ಪಗೆ, ಅಂಟಂಟಾಗಿ ಇರುತ್ತವೆ, ಅಷ್ಟೇ ಹೋಲಿಕೆ. ಮೊಲಾಸಸ್ ಎಂದರೆ ಸಕ್ಕರೆ ತೆಗೆದಮೇಲೆ ಉಳಿಯುವ ಕಾಕಂಬಿ, ಕಹಿ ಇರುತ್ತದೆ. ಆಲೆಮನೆಯ ಜೋನಿ ಇಡೀ ಕಬ್ಬಿನ ಹಾಲನ್ನೇ ಕಾಯಿಸಿದ್ದು. ತೊಡೆದೇವಿನಂಥ ಸಿಹಿತಿಂಡಿಗೆ ಕಾಕಂಬಿ ಹಾಕಿದರೆ ಯಾರು ತಿಂದಾರು?

ಮೂರು: ಪಾವನ್ನು ಕಪ್ಪಿಗೆ ಇಳಿಸಬೇಡಿ, ಗ್ರಾಮಿಗೆ ಇಳಿಸಿ

ದೊಡ್ಡಮ್ಮನ ಅಳತೆ ಒಂದೂವರೆ ಪಾವು ಅಕ್ಕಿ. ಪಾವು ಎಂದರೆ ಸೇರಿನ ಕಾಲು ಭಾಗ, ಹೆಚ್ಚುಕಡಿಮೆ ಕಾಲು ಲೀಟರು ಹಿಡಿಯುತ್ತದೆ. ಇದನ್ನು ನೋಡಿ ಒಂದೂವರೆ ಕಪ್ ಎಂದು ಬರೆಯಲು ಕೈ ಹೋಗುತ್ತದೆ. ತಡೆಯಿರಿ. ಕಪ್ ಎಂಬುದೂ ಒಂದೊಂದು ದೇಶದಲ್ಲಿ ಒಂದೊಂದು. ಅಮೆರಿಕದ್ದು ಸುಮಾರು 240 ಮಿಲಿ, ಆಸ್ಟ್ರೇಲಿಯದ್ದು 250, ಜಪಾನಿನದ್ದು 200. ಟೇಬಲ್ ಚಮಚ ಹೆಚ್ಚಿನ ಕಡೆ 15 ಮಿಲಿ, ಆಸ್ಟ್ರೇಲಿಯದಲ್ಲಿ 20. ಒಂದು ಅಸ್ಪಷ್ಟ ಅಳತೆಯನ್ನು ಇನ್ನೊಂದು ಅಸ್ಪಷ್ಟ ಅಳತೆಗೆ ಬದಲಾಯಿಸಿದರೆ ಏನು ಸುಖ?

ಅದರ ಮೇಲೆ ಪಾವು ತುಂಬುವ ರೀತಿಯೂ ಬೇರೆ. ದೊಡ್ಡಮ್ಮ ಅಕ್ಕಿಯನ್ನು ಗೋಪುರ ಕಟ್ಟಿ ತುಂಬುತ್ತಾರೆ. ನಾನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಪಾವಿನಲ್ಲಿ ಅಂಚಿಗೆ ಸರಿಯಾಗಿ ಕೈಯಾಡಿಸಿ ತುಂಬಿದರೆ 210 ಗ್ರಾಂ ಅಕ್ಕಿ. ಅದೇ ಪಾವು ದೊಡ್ಡಮ್ಮನ ಕೈಯಲ್ಲಿ 235. ಆದ್ದರಿಂದ ಅಳತೆಪಾತ್ರೆ ಯಾವುದೇ ಇರಲಿ, ಪಾವು, ಸಿದ್ದೆ, ಚಟಾಕು, ಕಾಫಿ ಲೋಟ, ಆ ಮನೆಯವರ ಕೈಯಲ್ಲೇ ತುಂಬಿಸಿ, ತೂಗಿ, ಗ್ರಾಂ ಬರೆಯಿರಿ. ಒಂದೂವರೆ ಪಾವು ನನ್ನ ಬರಹದಲ್ಲಿ 350 ಗ್ರಾಂ ಆಯಿತು.

ಉಪ್ಪನ್ನಂತೂ ಚಮಚದಲ್ಲಿ ಹೇಳಲೇಬೇಡಿ. ಕಲ್ಲುಪ್ಪಿನ ಹರಳುಗಳ ಮಧ್ಯೆ ಗಾಳಿ ಇರುತ್ತದೆ. ಅದೇ ಚಮಚದಲ್ಲಿ ಪುಡಿಯುಪ್ಪು ಜಾಸ್ತಿ ಕೂರುತ್ತದೆ. ಗ್ರಾಮಿನಲ್ಲಿ ಎರಡೂ ಒಂದೇ.

ಎಣಿಸಿ ಹೇಳುವ ಅಳತೆಗಳೂ ಮೋಸ ಮಾಡುತ್ತವೆ. ದೊಡ್ಡಮ್ಮ ಹನ್ನೆರಡು ಎಲೆ ಅಂದರು. ಮರಗೆಸುವಿನ ಎಲೆ ಚಿಕ್ಕದು. ಅಂಗಡಿಯ ಪಾತ್ರಾ ಎಲೆ ಒಂದೊಂದು ಮೊರದಗಲ. ಹನ್ನೆರಡಕ್ಕೆ ಹಿಟ್ಟು ಎಲ್ಲಿ ಸಾಲುತ್ತದೆ? ಇಲ್ಲಿ ಸಂಖ್ಯೆಯನ್ನೇ ಕೈಬಿಟ್ಟು, ಹಿಟ್ಟಿನ ಪದರ ಹೇಗಿರಬೇಕು ಎಂದು ಹೇಳಿದೆ. ಹಿಟ್ಟು ಸವರಿದಮೇಲೆ ಎಲೆಯ ಹಸಿರು ಅಡಿಯಿಂದ ಮಂಕಾಗಿ ಕಾಣಬೇಕು. ಪೂರಾ ಮುಚ್ಚಿದರೆ ದಪ್ಪವಾಯಿತು. ಹಿಟ್ಟು ಮುಗಿದಾಗ ಎಲೆ ನಿಲ್ಲಿಸಿ.

ನಾಲ್ಕು: ಕ್ರಿಯಾಪದ ಒಂದನ್ನು ಬಿಡಿಸಿ ನಾಲ್ಕು ಪ್ರಶ್ನೆ ಕೇಳಿ

ಕನ್ನಡದ ಅಡುಗೆಮನೆಯಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ. ರುಬ್ಬು, ಅರೆ, ಬೀಸು, ಕುಟ್ಟು, ಜಜ್ಜು ಎಲ್ಲ ಬೇರೆ ಬೇರೆ. ಕಿವಿಗೆ ಬಿದ್ದ ಕೂಡಲೇ ನೀರು ಹಾಕಬೇಕೋ ಬೇಡವೋ, ನುಣ್ಣಗೋ ತರಿತರಿಯೋ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ರುಬ್ಬುವುದೂ ಬೀಸುವುದೂ ಎರಡೂ ಗ್ರೈಂಡ್. ನಾನು ಮೊದಲ ಸಲ ಅಕ್ಕಿಯನ್ನು ಗ್ರೈಂಡ್ ಮಾಡಿ ಎಂದು ಬರೆದಿದ್ದೆ. ಅವಳು ನೆನೆಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಒರೆಸಿ, ಕಾಫಿಪುಡಿ ಮಾಡುವ ಯಂತ್ರದಲ್ಲಿ ಹಾಕಿ ಹಿಟ್ಟು ಮಾಡಿದ್ದಳು! ಬೀಸಿದ್ದಳು ಎನ್ನಬೇಕು.

ಅಂದಿನಿಂದ ನಾನು ಪ್ರತಿ ಕ್ರಿಯಾಪದಕ್ಕೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ಯಾವ ಪಾತ್ರೆ ಅಥವಾ ಯಂತ್ರ? ನೀರೋ ಎಣ್ಣೆಯೋ ಎರಡೂ ಇಲ್ಲವೋ? ಉರಿ ಎಷ್ಟು, ಮುಚ್ಚಳ ಉಂಟೋ? ಮುಗಿಯಿತು ಎಂದು ಹೇಗೆ ತಿಳಿಯುವುದು? ಈ ನಾಲ್ಕಕ್ಕೂ ಉತ್ತರ ಬರೆದರೆ ಸರಿಯಾದ ಪದ ಸಿಗದಿದ್ದರೂ ಅಡುಗೆ ದಾಟುತ್ತದೆ.

'ರುಬ್ಬಿ' ಎಂಬ ಒಂದು ಪದ ಹೀಗೆ ಬಿಡಿಸಿಕೊಂಡಿತು: ಮಿಕ್ಸಿಗೆ ಹಾಕಿ, ಹುಣಸೆರಸವನ್ನೇ ನೀರಾಗಿ ಬಳಸಿ ತಿರುವಿ, ಬೇರೆ ನೀರು ಸೇರಿಸಬೇಡಿ, ಎರಡು ಬೆರಳ ನಡುವೆ ಉಜ್ಜಿದರೆ ಸಣ್ಣ ರವೆಯ ತರಿ ಸಿಗಬೇಕು. ಹದ ಹೇಳುವಾಗ ಮೂಲದಲ್ಲಿ 'ಇಡ್ಲಿ ಹಿಟ್ಟಿಗಿಂತ ಗಟ್ಟಿ' ಎಂದಿತ್ತು. ಇಡ್ಲಿ ಹಿಟ್ಟೇ ನೋಡದವರಿಗೆ ಅದರಿಂದ ಏನು ಪ್ರಯೋಜನ? ಬದಲಿಗೆ ಅವರೇ ಮಾಡಿ ನೋಡಬಹುದಾದ ಪರೀಕ್ಷೆ ಕೊಟ್ಟೆ. ಸವರಿದ ಎಲೆಯನ್ನು ನೆಟ್ಟಗೆ ಎತ್ತಿ ಹಿಡಿಯಿರಿ, ಹಿಟ್ಟು ಜಾರಬಾರದು.

'ಹುರಿ' ಇನ್ನೊಂದು ಬಲೆ. ಕೊತ್ತಂಬರಿ, ಜೀರಿಗೆ, ಮೆಣಸನ್ನು ಹುರಿಯಬೇಕು. ರೋಸ್ಟ್ ಎಂದರೆ ಅವರು ಓವನ್ ಹಚ್ಚುತ್ತಾರೆ. ಫ್ರೈ ಎಂದರೆ ಎಣ್ಣೆ ಹಾಕುತ್ತಾರೆ. ಕರಿಯುವುದು, ಹುರಿಯುವುದು, ಬಾಡಿಸುವುದು ಮೂರೂ ಅವರಿಗೆ ಫ್ರೈ. ನಾನು ಬರೆದದ್ದು: ಒಣ ಬಾಣಲೆ, ಎಣ್ಣೆ ಇಲ್ಲ, ಸಣ್ಣ ಉರಿ, ಕೈ ಬಿಡದೆ ತಿರುವಿ, ಕೊತ್ತಂಬರಿ ಘಮ ಬಂದು ಮೆಣಸು ಗರಿಗರಿಯಾಗುವವರೆಗೆ, ಕಪ್ಪಾಗಬಾರದು.

'ಬೇಯಿಸು' ನಮ್ಮ ಕಡೆಯ ಬಲೆ. ನೀರಲ್ಲೂ ಬೇಯಿಸುತ್ತೇವೆ, ಹಬೆಯಲ್ಲೂ ಬೇಯಿಸುತ್ತೇವೆ, ಕಾವಲಿಯ ಮೇಲೂ ಬೇಯಿಸುತ್ತೇವೆ. ದೊಡ್ಡಮ್ಮ "ಸುತ್ತಿ ಬೇಯಿಸಿಡು" ಅಂದಾಗ ಇಡ್ಲಿ ಪಾತ್ರೆ ಎಂಬುದು ಮಾತಿನಲ್ಲೇ ಅಡಗಿತ್ತು. ಇಂಗ್ಲಿಷಿನಲ್ಲಿ ಬಾಯ್ಲ್ ಎಂದು ಬಿದ್ದರೆ ಸುರುಳಿಯನ್ನು ನೀರಿಗೆ ಮುಳುಗಿಸಿ ಗಂಜಿ ಮಾಡಿಕೊಳ್ಳುತ್ತಾರೆ. ಹಬೆ ಎಂದು ಬಿಡಿಸಿ ಬರೆಯಿರಿ. ಹೊತ್ತನ್ನೂ ಎಲ್ಲಿಂದ ಎಣಿಸಬೇಕು ಎಂದು ಹೇಳಿ: ನೀರು ಕುದಿದು ಹಬೆ ಏಳಲು ಶುರುವಾದಮೇಲೆ 40 ನಿಮಿಷ. ಎಲೆಯ ಕಡುಹಸಿರು ಹೋಗಿ ಮಾಸಲು ಹಸಿರಾಗಬೇಕು. ನಡುವೆ ಚುಚ್ಚಿದ ಚಾಕುವಿಗೆ ಹಸಿ ಹಿಟ್ಟು ಅಂಟಬಾರದು. ಈ ಅಡುಗೆಯಲ್ಲಿ ಬೇಗ ಇಳಿಸಿದರೂ ತುರಿಕೆ ಉಳಿಯುತ್ತದೆ. ಹಾಗಾಗಿ 'ಕನಿಷ್ಠ' ಎಂಬ ಪದ ಸೇರಿಸಿದೆ.

ಒಗ್ಗರಣೆಯನ್ನು ನಮ್ಮವರು ಇಂಗ್ಲಿಷಿನಲ್ಲಿ ಸೀಸನಿಂಗ್ ಎನ್ನುತ್ತಾರೆ. ಅವರಿಗೆ ಸೀಸನಿಂಗ್ ಎಂದರೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸುವುದು. ಒಗ್ಗರಣೆ ಎಂಬ ಪದವನ್ನೇ ಇಟ್ಟುಕೊಂಡು, ಒಂದು ಸಲ ಹೇಗೆ ಮಾಡುವುದೆಂದು ಬರೆದುಬಿಟ್ಟೆ. ಸಾಸಿವೆ ಚಿಕ್ಕ ಕಪ್ಪುಕಾಳಿನದ್ದು, ಯುರೋಪಿನ ದಪ್ಪ ಹಳದಿ ಕಾಳು ಅಲ್ಲ. ಕರಿಬೇವು ಏಷ್ಯಾದವರ ಅಂಗಡಿಯದ್ದು. ಅಲ್ಲಿಯ ನರ್ಸರಿಯಲ್ಲಿ ಕರಿ ಪ್ಲಾಂಟ್ ಎಂದು ಮಾರುವ ಬೆಳ್ಳಿ ಬಣ್ಣದ ಗಿಡ ಬೇರೆ.

ತಿರುಗಾಮುರುಗಾ ಬರೆಯುವಾಗ

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಇದೇ ನಾಲ್ಕು ಪ್ರಶ್ನೆ ಸಾಕು. ಕೇಕಿನ ಬರಹವೊಂದರಲ್ಲಿ 'ಮೊಟ್ಟೆಯ ಬಿಳಿಯನ್ನು ಹಿಟ್ಟಿನೊಳಗೆ ಮಡಚಿ' ಎಂದು ಓದಿದ್ದೇನೆ. ಫೋಲ್ಡ್ ಎಂಬುದನ್ನು ಸೀರೆ ಮಡಚಿದಂತೆ ಮಡಚಿದ್ದಾರೆ. ಪ್ರಶ್ನೆ ಕೇಳಿದ್ದರೆ ಸಿಗುತ್ತಿತ್ತು: ಅಗಲ ಸೌಟಿನಿಂದ, ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ, ನೊರೆ ಇಳಿಯಬಾರದು, ಬಿಳಿ ಗೆರೆ ಮಾಯವಾದ ಕೂಡಲೇ ನಿಲ್ಲಿಸಿ. ಸಿಮ್ಮರ್ ಎಂದರೂ ಕುದಿಸುವುದಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರುವಂತೆ ಸಣ್ಣ ಉರಿಯಲ್ಲಿ ಇಡುವುದು. ಕಾರ್ನ್‌ಫ್ಲೋರ್ ಬಂದರೆ ಬರೆದವರು ಯಾವ ದೇಶದವರು ನೋಡಿ. ಬ್ರಿಟಿಷರದ್ದು ನಮ್ಮ ಅಂಗಡಿಯಲ್ಲಿ ಸಿಗುವ ಬಿಳಿ ಪುಡಿಯೇ. ಅಮೆರಿಕದವರು ಕಾರ್ನ್ ಫ್ಲೋರ್ ಎಂದರೆ ಮೆಕ್ಕೆಜೋಳದ ಹಿಟ್ಟು. ಬಿಳಿ ಪುಡಿಗೆ ಅವರು ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ.

ಐದು: ಗೊತ್ತಿಲ್ಲದವರ ಕೈಯಲ್ಲಿ ಮಾಡಿಸಿ, ನೀವು ಬಾಯಿ ಮುಚ್ಚಿಕೊಂಡಿರಿ

ಕಳಿಸುವ ಮುಂಚೆ ಒಂದು ಪರೀಕ್ಷೆ. ಪತ್ರೊಡೆ ಮಾಡಿ ಗೊತ್ತಿಲ್ಲದವರೊಬ್ಬರಿಗೆ ಬರಹ ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಏನೂ ಹೇಳಬೇಡಿ. ಅವರು ಎಲ್ಲಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಬರಹದಲ್ಲಿ ತೂತಿದೆ ಎಂದು ಅರ್ಥ. ನಾನು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ, ಉತ್ತರದ ಕಡೆಯಿಂದ ಬಂದ ಹುಡುಗನೊಬ್ಬನಿಗೆ ಕೊಟ್ಟೆ. ಅವನು ಮೂರು ಕಡೆ ತಲೆಯೆತ್ತಿದ. ಎಲೆಯ ಯಾವ ಮಗ್ಗುಲಿಗೆ ಹಿಟ್ಟು? ಎರಡನೇ ಎಲೆ ಯಾವ ದಿಕ್ಕಿಗೆ? ಬಿಸಿಯಿದ್ದಾಗಲೇ ಕತ್ತರಿಸುವುದಾ? ಮೂರೂ ನಮ್ಮ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದಕ್ಕೇ ನನ್ನ ಬರಹದಲ್ಲಿ ಇರಲಿಲ್ಲ.

ಕೊನೆಗೆ ಇಂಗ್ಲೆಂಡಿಗೆ ಹೋದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿದೆ.

350 ಗ್ರಾಂ ಸೋನಾ ಮಸೂರಿ ಅಕ್ಕಿಯನ್ನು 4 ಗಂಟೆ ನೆನೆಸಿ, ಬಸಿಯಿರಿ. 40 ಗ್ರಾಂ ಗಟ್ಟಿ ಹುಣಸೆಹಣ್ಣನ್ನು 150 ಮಿಲಿ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಕೈಯಿಂದ ಕಿವುಚಿ, ಸೋಸಿ. ಇದನ್ನು ಕಡಿಮೆ ಮಾಡಬೇಡಿ, ಎಲೆಯ ತುರಿಕೆ ತಗ್ಗುವುದು ಇದರಿಂದಲೇ. 10 ಕಾಶ್ಮೀರಿ ಮೆಣಸು, 1 ಟೇಬಲ್ ಚಮಚ ಕೊತ್ತಂಬರಿ, 1 ಟೀ ಚಮಚ ಜೀರಿಗೆಯನ್ನು ಎಣ್ಣೆಯಿಲ್ಲದೆ ಹುರಿಯಿರಿ. ಇವನ್ನು 120 ಗ್ರಾಂ ಹಸಿ ಕಾಯಿತುರಿ, ಅರ್ಧ ಟೀ ಚಮಚ ಅರಿಶಿನ, 10 ಗ್ರಾಂ ಉಪ್ಪು, ಹುಣಸೆರಸದ ಜತೆ ನುಣ್ಣಗೆ ರುಬ್ಬಿ. ಆಮೇಲೆ ಅಕ್ಕಿ ಹಾಕಿ ತರಿತರಿಯಾಗಿ ರುಬ್ಬಿ. ಬೆಲ್ಲ 30ರಿಂದ 60 ಗ್ರಾಂ, ನಿಮ್ಮ ಇಷ್ಟ. ಹಿಟ್ಟನ್ನು ನಾಲಿಗೆಗೆ ಇಟ್ಟು ನೋಡಿದರೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹುಳಿ ಅನಿಸಬೇಕು. ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಬೇಡಿ.

ಎಲೆ ತೊಳೆದು ಒರೆಸಿ. ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಕೈ ತುರಿಸುವವರು ಎಣ್ಣೆ ಸವರಿಕೊಳ್ಳಿ. ಎಲೆಯ ಬೆನ್ನು ಮೇಲೆ ಬರುವಂತೆ ಹಾಸಿ, ಹಿಟ್ಟು ತೆಳ್ಳಗೆ ಸವರಿ. ಇನ್ನೊಂದು ಎಲೆಯನ್ನು ತುದಿ ಎದುರು ದಿಕ್ಕಿಗೆ ಬರುವಂತೆ ಇಟ್ಟು ಮತ್ತೆ ಸವರಿ. ನಾಲ್ಕೈದು ಎಲೆಯಾದಮೇಲೆ ಎರಡೂ ಅಂಚು ಒಳಕ್ಕೆ ಮಡಚಿ, ಬಿಗಿಯಾಗಿ ಸುತ್ತಿ. ಹಬೆಯಲ್ಲಿ ಕನಿಷ್ಠ 40 ನಿಮಿಷ. ಪೂರ್ತಿ ತಣ್ಣಗಾದಮೇಲೆ ಬೆರಳಗಲ ಕತ್ತರಿಸಿ. ಬಿಸಿಯಿದ್ದಾಗ ಕತ್ತರಿಸಿದರೆ ಪುಡಿಯಾಗುತ್ತದೆ. ಕಾವಲಿಯಲ್ಲಿ ಎಣ್ಣೆ ಬಿಟ್ಟು ಎರಡೂ ಮಗ್ಗುಲು ಕೆಂಪಗೆ ಕಾಯಿಸಿ, ಇಲ್ಲವೇ ಒಗ್ಗರಣೆಗೆ ಹಾಕಿ ಮೇಲೆ ಕಾಯಿತುರಿ ಉದುರಿಸಿ.

ಹೆಸರನ್ನು ಮಾತ್ರ ನಾನು ಮುಟ್ಟಲಿಲ್ಲ. ಪತ್ರೊಡೆ ಎಂದೇ ಬರೆದು, ಉಚ್ಚಾರ ಹೇಗೆಂದು ಪಕ್ಕದಲ್ಲಿ ಸೇರಿಸಿದೆ. ಅವಳು ಮಾಡಿದ ಫೋಟೊ ಬಂದ ದಿನ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಹಿಟ್ಟು ಸ್ವಲ್ಪ ದಪ್ಪ ಆಯ್ತು. ಗಂಟ್ಲು ಎಂತ ಆಯ್ತು ಕೇಳು" ಅಂದರು. ಕೇಳಿದೆ. ಏನೂ ಆಗಿರಲಿಲ್ಲ.